ಬುಷ್ ಒಂದು, ಮೈಕ್ರಾನ್ ಇಪ್ಪತ್ತೊಂದು

ಪೀಣ್ಯದ ಲೇತ್ ಶೆಡ್ಡಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಉಕ್ಕಿನ ಬುಷ್ಷಿನ ಡ್ರಾಯಿಂಗ್ ಬಂತೆನ್ನಿ. ಹೊರಗಿನಿಂದ ಅದು ಬರೀ ಕೊಳವೆ, ಒಳಗೇನಿದೆ ಕಾಣದು. ಅದಕ್ಕೇ ಸೆಕ್ಷನ್ ನೋಟ. ಹಲಸಿನ ಹಣ್ಣನ್ನು ಉದ್ದಕ್ಕೆ ಸೀಳಿದಂತೆ ಬುಷ್ಷನ್ನು ಕಾಗದದ ಮೇಲೆ ಸೀಳಿರುತ್ತಾರೆ. ಓರೆಗೆರೆ ತುಂಬಿದ ಭಾಗ ಲೋಹ, ಖಾಲಿ ಬಿಟ್ಟದ್ದು ಪೊಳ್ಳು. ಹೊಸಬರು ಇದನ್ನೇ ತಿರುವುಮುರುವಾಗಿ ಓದುವುದುಂಟು.

ತೂತಿನ ಅಳತೆ 25 ಎಚ್7 ಎಂದಿದೆ. ಅಂದರೆ ವ್ಯಾಸ 25.000ರಿಂದ 25.021 ಮಿಲಿಮೀಟರಿನೊಳಗೆ ಎಲ್ಲಿದ್ದರೂ ಸರಿ. ಈ 21 ಮೈಕ್ರಾನಿನ ರಿಯಾಯಿತಿಯೇ ಟಾಲರೆನ್ಸ್. ಒಳಗೆ ತಿರುಗುವ ಶಾಫ್ಟಿಗೆ ಜಿ6: 24.980ರಿಂದ 24.993. ಎಷ್ಟೇ ಬಿಗಿಯಾದರೂ 7 ಮೈಕ್ರಾನ್ ಸಂದು ಉಳಿದೇ ಉಳಿಯುತ್ತದೆ, ಎಣ್ಣೆಗೆ ಜಾಗ ಬೇಕಲ್ಲ!

ಬೋರಿಂಗಿನಲ್ಲಿ 24.97 ಬಂದರೆ ಇನ್ನೊಂದು ಸಣ್ಣ ಕಟ್ ಕೊಡಬಹುದು, 25.03 ಆದರೆ ಸ್ಕ್ರ್ಯಾಪ್. ಎರಡು ಪಾಯಿಂಟಿನ ವರ್ನಿಯರ್ ಇಲ್ಲಿ ಸಾಲದು. ಪ್ಲಗ್ ಗೇಜಿನ ಗೋ ಬದಿ ಸಲೀಸಾಗಿ ಇಳಿಯಬೇಕು, ನೋ-ಗೋ ಬದಿ ಬಾಯಲ್ಲೇ ನಿಲ್ಲಬೇಕು. ಅದೂ ಜಾಬ್ ತಣ್ಣಗಾದ ಮೇಲೆ: 20 ಡಿಗ್ರಿ ಬಿಸಿ ಏರಿದರೆ ಈ ತೂತು ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ.