ಭಾವಮೈದುನನ ಟ್ಯಾಂಕರ್ ಮತ್ತು ನೀತಿ ಸಂಹಿತೆಯ ಒಂದು ಸಾಲು

‘ಸಮಿತಿಯ ಸದಸ್ಯರು ಸ್ವಹಿತಾಸಕ್ತಿ ಸಂಘರ್ಷಕ್ಕೆ ಎಡೆಯಾಗದಂತೆ ಎಚ್ಚರ ವಹಿಸತಕ್ಕದ್ದು.’

ನಮ್ಮ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ನೀತಿ ಸಂಹಿತೆಯಲ್ಲಿ ಹಲವು ವರ್ಷ ಈ ಸಾಲಿತ್ತು. ಓದಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಮೂರು ಕೊಟೇಶನ್ ತರಿಸಿದಾಗ ಮಾತ್ರ ಅದು ಯಾರ ನೆನಪಿಗೂ ಬರಲಿಲ್ಲ. ಕಡಿಮೆ ದರ ಹೇಳಿದವರಿಗೆ ಗುತ್ತಿಗೆ ಕೊಟ್ಟೆವು. ಅವರು ನಮ್ಮ ಖಜಾಂಚಿಯ ಭಾವಮೈದುನ ಎಂಬುದು ನಾಲ್ಕು ತಿಂಗಳ ಮೇಲೆ ಗೊತ್ತಾಯಿತು.

ಸರ್ವಸದಸ್ಯರ ಸಭೆಯಲ್ಲಿ ಗಲಾಟೆಯಾಯಿತು. ‘ಕಡಿಮೆ ದರಕ್ಕೆ ನೀರು ಸಿಕ್ಕಿದ್ದೇ ತಪ್ಪಾ? ನಾನೇನು ದುಡ್ಡು ತಿಂದಿದ್ದೀನಾ?’ ಎಂದು ಖಜಾಂಚಿ ನೊಂದು ಕೇಳಿದರು. ಅವರು ತಿಂದಿರಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಟ್ಯಾಂಕರ್ ಬಾರದ ದಿನ ದಂಡ ಹಾಕಬೇಕಾದವರೂ ಬಿಲ್ ಪಾಸು ಮಾಡಬೇಕಾದವರೂ ಅವರೇ. ಸ್ವಹಿತಾಸಕ್ತಿ ಸಂಘರ್ಷ ಎಂಬುದು ಅಪರಾಧದ ಹೆಸರಲ್ಲ, ಮನುಷ್ಯ ಸಿಕ್ಕಿಕೊಂಡಿರುವ ಇಕ್ಕಟ್ಟಿನ ಹೆಸರು. ಇಕ್ಕಟ್ಟಿನಲ್ಲಿರುವುದು ತಪ್ಪಲ್ಲ, ಅದನ್ನು ಹೇಳದಿರುವುದು ತಪ್ಪು. ನಮ್ಮ ಹಳೆಯ ಸಾಲು ಇದನ್ನು ಹೇಳುತ್ತಲೇ ಇರಲಿಲ್ಲ. ‘ಎಚ್ಚರ’ ಎಂಬ ಮಾತನ್ನು ಓದಿದ ಪ್ರಾಮಾಣಿಕರು, ಇದು ಕಳ್ಳರಿಗೆ ಬರೆದದ್ದು ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಉದಾಹರಣೆ ಕೊಟ್ಟು ನಿಯಮ ಬರೆಯುವ ದಾರಿ ಹೊಸದೇನಲ್ಲ. ನ್ಯಾಯಮೂರ್ತಿ ಲೋಧಾ ಸಮಿತಿಯ ಶಿಫಾರಸಿನ ಮೇಲೆ ರೂಪುಗೊಂಡು, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಪಡೆದ ಬಿಸಿಸಿಐ ಸಂವಿಧಾನದ 38ನೇ ನಿಯಮ ಸ್ವಹಿತಾಸಕ್ತಿ ಸಂಘರ್ಷದ ಬಗೆಗಳನ್ನು ಹೇಳಿ, ಜೊತೆಗೆ ಉದಾಹರಣೆಗಳನ್ನೂ ಕೊಡುತ್ತದೆ. ಮಂಡಳಿಯ ಪದಾಧಿಕಾರಿಯ ಮಗ ಕೆಲಸ ಮಾಡುವ ಕಂಪನಿಗೇ ಪ್ರಸಾರದ ಗುತ್ತಿಗೆ ಹೋದರೆ ಅದು ಸಂಘರ್ಷ ಎಂಬುದು ಅವುಗಳಲ್ಲೊಂದು. ಓದಿದ ಪದಾಧಿಕಾರಿಗೆ ತನ್ನ ಮಗ ನೆನಪಾಗಲೇಬೇಕು.

ನಮ್ಮ ಸಾಲನ್ನು ಕೊನೆಗೆ ಹೀಗೆ ತಿದ್ದಿದೆವು:

‘ಸಂಘದಿಂದ ಹಣ ಪಡೆಯುವವರ ಜೊತೆ ನಿಮಗೆ ನೆಂಟಸ್ತಿಕೆ, ಪಾಲುದಾರಿಕೆ, ಸಾಲ ಅಥವಾ ಬಾಡಿಗೆಯ ವ್ಯವಹಾರ ಇದ್ದರೆ, ಕೊಟೇಶನ್ ತೆರೆಯುವ ಮೊದಲೇ ಕಾರ್ಯದರ್ಶಿಗೆ ಬರೆದು ತಿಳಿಸಿ. ಆ ವಿಷಯ ಚರ್ಚೆಗೆ ಬಂದಾಗ ಹೊರಗಿರಿ; ಅದು ನಡವಳಿ ಪುಸ್ತಕದಲ್ಲಿ ದಾಖಲಾಗಲಿ. ಭಾವಮೈದುನನ ಟ್ಯಾಂಕರಿನ ದರ ಎಲ್ಲರಿಗಿಂತ ಕಡಿಮೆ ಇದ್ದರೂ ಹೀಗೇ ಮಾಡಿ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮಗಳು ಕೆಲಸಕ್ಕಿದ್ದರೂ ಹೀಗೇ. ಪೇಂಟಿಂಗ್ ಗುತ್ತಿಗೆದಾರರು ನಿಮ್ಮ ಫ್ಲ್ಯಾಟಿಗೆ ಪುಕ್ಕಟೆ ಬಣ್ಣ ಹೊಡೆಸುತ್ತೇವೆಂದರೆ ಬೇಡವೆನ್ನಿ, ಸಮಿತಿಗೂ ತಿಳಿಸಿ. ದೀಪಾವಳಿಗೆ ಎಲ್ಲ ಮನೆಗೂ ಬಂದ ಸ್ವೀಟ್ ಬಾಕ್ಸ್ ಸಂಘರ್ಷವಲ್ಲ. ನಿಮ್ಮ ಮನೆಗೆ ಮಾತ್ರ ಬಂದ ಬೆಳ್ಳಿ ಲೋಟ ಸಂಘರ್ಷ.’

ಪ್ರತಿ ಉದಾಹರಣೆಯಲ್ಲೂ ಯಾವ ನಂಟು, ಯಾವ ತೀರ್ಮಾನ, ಏನು ಮಾಡಬೇಕು ಎಂಬ ಮೂರೂ ತಿಳಿಯುತ್ತವೆ. ನಮ್ಮ ಮೊದಲ ಕರಡಿನಲ್ಲಿ ‘ಗುತ್ತಿಗೆದಾರರಿಂದ ಕಮಿಷನ್ ಪಡೆಯುವುದು’ ಎಂಬ ಉದಾಹರಣೆಯಿತ್ತು, ತೆಗೆದುಹಾಕಿದೆವು. ಅದು ತಪ್ಪೆಂದು ಯಾರಿಗೆ ಗೊತ್ತಿಲ್ಲ? ಒಳ್ಳೆಯವರೂ ಎಡವುವ ಜಾಗವನ್ನು ತೋರಿಸುವ ಉದಾಹರಣೆ ಬೇಕು. ‘ದರ ಕಡಿಮೆ ಇದ್ದರೂ’ ಎಂಬ ಮಾತನ್ನು ಸೇರಿಸಿದ್ದು ಅದಕ್ಕೇ. ಸ್ವೀಟ್ ಬಾಕ್ಸಿನಂಥ, ಸಂಘರ್ಷವಲ್ಲದ ಉದಾಹರಣೆಯೂ ಇರಬೇಕು. ಇಲ್ಲದಿದ್ದರೆ ಜನ ಎಲ್ಲಕ್ಕೂ ಹೆದರುತ್ತಾರೆ, ಇಲ್ಲವೇ ಯಾವುದಕ್ಕೂ ಹೆದರುವುದಿಲ್ಲ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು, ಕರಡಿನಲ್ಲಿ ಕೈ ಹಾಕದ ಇಬ್ಬರಿಗೆ ಓದಲು ಕೊಟ್ಟು, ಅದರಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದೆವು: ‘ಸೆಕ್ಯೂರಿಟಿ ಏಜೆನ್ಸಿಯವರು ನಿಮ್ಮದೇ ಇನ್ನೊಂದು ಮನೆಯಲ್ಲಿ ಬಾಡಿಗೆಗಿದ್ದರೆ?’ ಒಬ್ಬರು ತಿಳಿಸಬೇಕು ಎಂದರು, ಇನ್ನೊಬ್ಬರು ಬೇಡ ಎಂದರು. ಮೇಲಿನ ಸಾಲಿಗೆ ‘ಬಾಡಿಗೆ’ ಸೇರಿದ್ದು ಆಗ.

ಆದರೂ ಉದಾಹರಣೆಗಳು ಎಲ್ಲವನ್ನೂ ಮುಟ್ಟಲಾರವು. 2019ರಲ್ಲಿ ರಾಹುಲ್ ದ್ರಾವಿಡ್ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದಾಗ ಇಂಡಿಯಾ ಸಿಮೆಂಟ್ಸ್ ಕೆಲಸದಿಂದ ರಜೆ ಪಡೆದಿದ್ದರು. ರಜೆಯಲ್ಲಿದ್ದರೂ ಉದ್ಯೋಗಿಯೇ ಅಲ್ಲವೇ ಎಂಬ ಪ್ರಶ್ನೆ ಎದ್ದು, ನೀತಿ ಅಧಿಕಾರಿಯ ಮುಂದೆ ವಿಚಾರಣೆ ನಡೆಯಿತು. ಸಂಘರ್ಷವಿಲ್ಲ ಎಂದು ತೀರ್ಮಾನವಾಯಿತು. ಹೀಗಾಗಿಯೇ ನಾವು ಕೊನೆಗೆ ಇನ್ನೊಂದು ಸಾಲು ಸೇರಿಸಿದೆವು: ‘ಇವು ಉದಾಹರಣೆಗಳಷ್ಟೇ. ಅನುಮಾನವಿದ್ದರೆ ಮೊದಲೇ ಕಾರ್ಯದರ್ಶಿಯನ್ನು ಕೇಳಿ.’

ಮುಂದಿನ ಬೇಸಿಗೆಯಲ್ಲಿ ಖಜಾಂಚಿ ಕೊಟೇಶನ್ ತೆರೆಯುವ ಮೊದಲೇ ಚೀಟಿ ಬರೆದುಕೊಟ್ಟು ಹೊರಗೆ ಹೋದರು. ಗುತ್ತಿಗೆ ಮತ್ತೆ ಅವರ ಭಾವಮೈದುನನಿಗೇ ಸಿಕ್ಕಿತು. ಈ ಬಾರಿ ಸರ್ವಸದಸ್ಯರ ಸಭೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ.