24 ಡಿಗ್ರಿಯ ಹಠ ಬಿಟ್ಟರೆ ಎಷ್ಟು ಯೂನಿಟ್ ಉಳಿಯುತ್ತದೆ?

ಕಿಟಕಿಯೂ ಇದೆ, ಫ್ಯಾನೂ ಇದೆ, ಎ.ಸಿ.ಯೂ ಇದೆ. ನಮ್ಮ ವಿಶ್ವವಿದ್ಯಾಲಯಗಳ ಎಷ್ಟೋ ಕಟ್ಟಡಗಳು ಹೀಗೇ ಇವೆ. ತಂಪಿದ್ದಾಗ ಕಿಟಕಿ ತೆರೆಯುತ್ತಾರೆ, ಸೆಕೆ ತಡೆಯಲಾಗದಿದ್ದಾಗ ಎ.ಸಿ. ಹಾಕುತ್ತಾರೆ. ಕಟ್ಟಡ ತಜ್ಞರು ಇಂಥದ್ದನ್ನು ಮಿಕ್ಸ್‌ಡ್ ಮೋಡ್ ಕಟ್ಟಡ ಎನ್ನುತ್ತಾರೆ. ಇಲ್ಲಿ ಎ.ಸಿ.ಯನ್ನು ವರ್ಷವಿಡೀ 24 ಡಿಗ್ರಿಗೆ ಕಟ್ಟಿಹಾಕದೆ, ಹೊರಗಿನ ಹವೆಗೆ ತಕ್ಕಂತೆ ಏರಿಳಿಸಿದರೆ ವಿದ್ಯುತ್ ಎಷ್ಟು ಉಳಿಯುತ್ತದೆ? ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯಲು ಒಳ್ಳೆಯ ವಿಷಯ. ವಿದ್ಯಾರ್ಥಿಗಳು ಇದರ ಹಂದರ ತಂದು ತೋರಿಸಿದಾಗ ನಾನು ಮೊದಲು ನೋಡುವುದು ಒಂದನ್ನೇ: ಯೂನಿಟ್ ಉಳಿದದ್ದು ಎಷ್ಟು ಎಂಬುದರ ಜೊತೆಗೆ, ಯಾತರಿಂದ ಉಳಿಯಿತು ಎಂದು ಹೇಳಲು ಇವರ ಅಳತೆಗೆ ಸಾಧ್ಯವೇ?

ಏರಿಳಿಸುವುದಕ್ಕೆ ಒಂದು ಲೆಕ್ಕ ಬೇಕು. ಅದು ನಮ್ಮ ದೇಶದ್ದೇ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ತಂಡ ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾಗಳ ಕಚೇರಿಗಳಲ್ಲಿ ಕೆಲಸ ಮಾಡುವವರನ್ನು ‘ಈಗ ನಿಮಗೆ ಹೇಗನ್ನಿಸುತ್ತಿದೆ’ ಎಂದು ಕೇಳಿ 6,330 ಉತ್ತರ ಕಲೆಹಾಕಿತು. ಅದರಿಂದ ಹುಟ್ಟಿದ ಸೂತ್ರಕ್ಕೆ ಐಮ್ಯಾಕ್ ಎಂದು ಹೆಸರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಅದು ಸೇರಿದೆ. ಮಿಕ್ಸ್‌ಡ್ ಮೋಡ್ ಕಟ್ಟಡಕ್ಕಾದರೆ, ಹಿಂದಿನ 30 ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.28ರಿಂದ ಗುಣಿಸಿ 17.87 ಕೂಡಿಸಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಆ ಸರಾಸರಿ 28 ಎಂದುಕೊಳ್ಳಿ. ಹಿತವಾದ ಒಳಗಿನ ಉಷ್ಣತೆ 25.7 ಎಂದು ಬರುತ್ತದೆ. ಸೆಕೆಗೆ ಒಗ್ಗಿಕೊಂಡ ದೇಹಕ್ಕೆ ಅಷ್ಟು ಸಾಕು.

ಡಿಸೆಂಬರಿಗೆ ಇದೇ ಲೆಕ್ಕ ಹಾಕಿ ನೋಡಿ. ಹೊರಗಿನ ಸರಾಸರಿ 21 ಆದರೆ ಉತ್ತರ 23.75. ಅಂದರೆ 24ಕ್ಕಿಂತ ಕೆಳಗೆ! ಸೂತ್ರವನ್ನು ಕಣ್ಣುಮುಚ್ಚಿ ಎ.ಸಿ.ಗೆ ತುಂಬಿದರೆ ಚಳಿಗಾಲದಲ್ಲಿ ಖರ್ಚು ಹೆಚ್ಚೇ ಆದೀತು. ಆದ್ದರಿಂದ ಪ್ರಬಂಧ ಮೊದಲೇ ಎರಡು ಮಾತು ಹೇಳಬೇಕು. ಎ.ಸಿ.ಗೆ ಕೊಟ್ಟದ್ದು ಸೂತ್ರದ ನಡುಬಿಂದುವೋ, ಜನ ಒಪ್ಪುವ ಮಿತಿಯ ಮೇಲಂಚೋ? ಕಿಟಕಿ ಮುಚ್ಚಿ ಎ.ಸಿ. ಹಾಕುವುದು ಯಾವ ಹಂತದಲ್ಲಿ? ಹಂದರದ ‘ವಿಧಾನ’ ಭಾಗದಲ್ಲಿ ಇವು ಕಾಣದಿದ್ದರೆ ಮುಂದಿನ ಅಂಕಿಗಳನ್ನು ಓದಿ ಪ್ರಯೋಜನವಿಲ್ಲ.

ಇನ್ನು ಅಳತೆ. ಬಹಳ ಜನ ಎಡವುವುದು ಇಲ್ಲಿಯೇ. ಹೋದ ಏಪ್ರಿಲ್ ಬಿಲ್ಲು, ಈ ಏಪ್ರಿಲ್ ಬಿಲ್ಲು, ಎರಡರ ವ್ಯತ್ಯಾಸವೇ ಉಳಿತಾಯ ಎಂದು ಬರೆದುಬಿಡುತ್ತಾರೆ. ಹೋದ ವರ್ಷ ಮಳೆ ಬೇಗ ಬಂದಿರಬಹುದು, ಈ ವರ್ಷ ಪರೀಕ್ಷೆ ಮುಂದೆ ಹೋಗಿರಬಹುದು, ಒಂದು ಪ್ರಯೋಗಾಲಯಕ್ಕೆ ಹೊಸ ಕಂಪ್ಯೂಟರ್‌ಗಳು ಬಂದಿರಬಹುದು. ಬಿಲ್ಲಿನಲ್ಲಿ ಇವೆಲ್ಲ ಕಲಸಿಹೋಗಿರುತ್ತವೆ. ಇದಕ್ಕಿಂತ ನಂಬಬಹುದಾದ ದಾರಿ, ಅದೇ ಕಟ್ಟಡದಲ್ಲಿ ಅದೇ ಋತುವಿನಲ್ಲಿ ವಾರ ಬಿಟ್ಟು ವಾರ ಬದಲಿಸುವುದು. ಒಂದು ವಾರ 24, ಇನ್ನೊಂದು ವಾರ ಸೂತ್ರದ ಉಷ್ಣತೆ. ಯಾವ ವಾರ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಕಾಂಕ್ರೀಟ್ ಗೋಡೆ, ತಾರಸಿಗಳು ಹಿಂದಿನ ದಿನಗಳ ತಂಪನ್ನೋ ಬಿಸಿಯನ್ನೋ ಹಿಡಿದುಕೊಂಡಿರುತ್ತವಾದ್ದರಿಂದ, ಬದಲಿಸಿದ ಮೊದಲ ದಿನವನ್ನು ಲೆಕ್ಕದಿಂದ ಬಿಡಬೇಕು.

ಎ.ಸಿ. ಲೈನಿಗೆ ಪ್ರತ್ಯೇಕ ಮೀಟರ್ ಬೇಕು. ಕಿಟಕಿಗಳಿಗೆ ತೆರೆದದ್ದು ಮುಚ್ಚಿದ್ದನ್ನು ದಾಖಲಿಸುವ ಸಣ್ಣ ಅಯಸ್ಕಾಂತದ ಸೆನ್ಸರ್ ಬೇಕು. ಜೊತೆಗೆ ಕುಳಿತವರ ಮಟ್ಟದಲ್ಲಿ ಉಷ್ಣತೆ ಅಳೆಯುವ ಉಪಕರಣ. ರಿಮೋಟಿನಲ್ಲಿ ಕಾಣುವ ಅಂಕಿಯನ್ನು ನಂಬಿ ಕೂರುವಂತಿಲ್ಲ. ಗೋಡೆಯ ಸ್ಪ್ಲಿಟ್ ಎ.ಸಿ. ಸಾಮಾನ್ಯವಾಗಿ ಅಳೆಯುವುದು ಮೇಲೆ ತನ್ನೊಳಗೆ ಎಳೆದುಕೊಳ್ಳುವ ಗಾಳಿಯನ್ನು. ರಿಮೋಟ್ 26 ಎನ್ನುತ್ತಿರುವಾಗ ಹಿಂದಿನ ಬೆಂಚಿನ ಹುಡುಗಿಗೆ 27 ಇರಬಹುದು, ಎ.ಸಿ.ಯ ಎದುರಿಗೇ ಕೂತವನಿಗೆ 24 ಇರಬಹುದು. ಉಪಕರಣವನ್ನು ಪ್ರೊಜೆಕ್ಟರಿನ ಪಕ್ಕದಲ್ಲೋ ಬಿಸಿಲು ಬೀಳುವ ಗೋಡೆಯ ಮೇಲೋ ಇಟ್ಟರಂತೂ ಇಡೀ ತಿಂಗಳ ಅಳತೆ ಹಾಳು.

ಫಲಿತಾಂಶದ ಭಾಗವನ್ನು ಒಂದು ಊಹೆಯ ಲೆಕ್ಕದಿಂದ ನೋಡೋಣ. ಹೊರಗೆ 28 ಡಿಗ್ರಿ ಸರಾಸರಿಯಿರುವ ದಿನ, 24ರ ವಾರದಲ್ಲಿ ಎ.ಸಿ. 8 ಗಂಟೆ ಓಡಿ 120 ಯೂನಿಟ್ ತಿಂದಿತು ಎಂದುಕೊಳ್ಳಿ. ಸೂತ್ರದ ವಾರದಲ್ಲಿ ಅಂಥದೇ ದಿನ 7 ಗಂಟೆ ಓಡಿ 96 ಯೂನಿಟ್. ಉಳಿದದ್ದು 24 ಯೂನಿಟ್, ಅಂದರೆ ನೂರಕ್ಕೆ 20. ಇಷ್ಟಕ್ಕೇ ನಿಲ್ಲಿಸುವ ಪ್ರಬಂಧಗಳು ಬಹಳ. ಇನ್ನೊಂದು ಹೆಜ್ಜೆ ಹಾಕಿ. 24ರ ವಾರದಲ್ಲಿ ಗಂಟೆಗೆ ಖರ್ಚು 15 ಯೂನಿಟ್. ಒಂದು ಗಂಟೆ ಎ.ಸಿ. ಹಾಕದೇ ಇದ್ದುದರಿಂದ ಉಳಿದದ್ದೇ 15. ಓಡಿದ 7 ಗಂಟೆಗಳಲ್ಲಿ ಉಷ್ಣತೆ ಏರಿಸಿದ್ದರಿಂದ ಉಳಿದದ್ದು ಬಾಕಿ 9 ಮಾತ್ರ. ಮಿಕ್ಸ್‌ಡ್ ಮೋಡ್ ಕಟ್ಟಡದ ಗುಟ್ಟು ಇರುವುದು ಇಲ್ಲಿ: ಬೆಳಗ್ಗೆ ಕಿಟಕಿ ಮುಚ್ಚುವುದನ್ನು ಒಂದು ಗಂಟೆ ಮುಂದೂಡಿದ್ದೇ ದೊಡ್ಡ ಉಳಿತಾಯವಾಗಿರಬಹುದು. ಹಾಗಿದ್ದರೆ ರಿಮೋಟಿನ ಅಂಕಿಯನ್ನಷ್ಟೇ ಬದಲಿಸಿ ಕಿಟಕಿಯನ್ನು ಮರೆತ ಇನ್ನೊಂದು ಕಾಲೇಜಿಗೆ ಈ 20 ಸಿಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆಯದ ಪ್ರಬಂಧ ಓದುಗರನ್ನು ದಾರಿ ತಪ್ಪಿಸುತ್ತದೆ ಎಂದೇ ನಾನು ಹೇಳುತ್ತೇನೆ.

ಆ 24 ಯೂನಿಟ್ ಎಷ್ಟು ಗಟ್ಟಿ? ಹವೆಯ ಲೆಕ್ಕ ತೆಗೆದ ಮೇಲೂ ದಿನದಿಂದ ದಿನಕ್ಕೆ ಬಳಕೆ 20 ಯೂನಿಟ್ಟಿನಷ್ಟು ಆಚೀಚೆ ಆಗುತ್ತಿದ್ದರೆ, ಒಂದು ದಿನದ ಹೋಲಿಕೆ ಏನನ್ನೂ ಹೇಳುವುದಿಲ್ಲ. ಎರಡೂ ಬಗೆಗೆ ಇಪ್ಪತ್ತಿಪ್ಪತ್ತು ದಿನ ಅಳೆದರೆ, ನಿಜವಾದ ಉಳಿತಾಯ ಸುಮಾರು 11ರಿಂದ 37ರ ನಡುವೆ ಇದೆ ಎನ್ನಬಹುದು. ಹರವು ದೊಡ್ಡದೇ, ಆದರೆ ಉಳಿತಾಯ ಸೊನ್ನೆಯಲ್ಲ ಎಂಬುದು ಖಚಿತವಾಗುತ್ತದೆ. ಇದನ್ನು ಮುಚ್ಚಿಡದೆ ಬರೆಯಬೇಕು. ಕಟ್ಟಡದ ಒಟ್ಟು ವಿದ್ಯುತ್ತಿನಲ್ಲಿ ಎ.ಸಿ.ಯ ಪಾಲು ಮೂರನೇ ಒಂದಾದರೆ, ಎ.ಸಿ.ಯ ಈ 20 ಒಟ್ಟು ಬಳಕೆಯಲ್ಲಿ 7ರಷ್ಟಾಗಿ ಇಳಿಯುತ್ತದೆ, ಅದನ್ನೂ ಬರೆಯಬೇಕು.

ಒಳಗೆ ಕೂತವರು ಏನೆಂದರು? ಜನರನ್ನು ಬೆವರಿಳಿಸಿ ಉಳಿಸಿದ್ದು ಉಳಿತಾಯವಲ್ಲ. ‘ತೀರಾ ಚಳಿ’ಯಿಂದ ‘ತೀರಾ ಸೆಕೆ’ಯವರೆಗಿನ ಏಳು ಮೆಟ್ಟಿಲ ಪ್ರಶ್ನೆಯನ್ನು ಎರಡೂ ಬಗೆಯ ವಾರಗಳಲ್ಲಿ ಕೇಳಬೇಕು, ಈ ವಾರ ಯಾವುದು ಎಂದು ಅವರಿಗೆ ಹೇಳಬಾರದು. ಸೀಲಿಂಗ್ ಫ್ಯಾನ್ ಓಡುತ್ತಿತ್ತೇ ಎಂದೂ ಬರೆದುಕೊಳ್ಳಬೇಕು. ಫ್ಯಾನಿನ ಗಾಳಿಯಿದ್ದರೆ 26 ಹಿತ, ಇಲ್ಲದಿದ್ದರೆ ಅದೇ 26 ಉಸಿರುಗಟ್ಟಿಸುತ್ತದೆ.

ಸೂತ್ರಕ್ಕೂ ಮಿತಿಯಿದೆ. ಅದು ಕಚೇರಿಗಳಿಂದ ಬಂದದ್ದು, ನೂರು ಜನ ಒತ್ತಾಗಿ ಕೂರುವ ತರಗತಿಯಿಂದಲ್ಲ. ಅದರಲ್ಲಿ ಉಷ್ಣತೆಯಷ್ಟೇ ಇದೆ, ತೇವಾಂಶವಿಲ್ಲ. ಬೆಂಗಳೂರಿನಲ್ಲಿ ಸಿಕ್ಕ ಫಲಿತಾಂಶವನ್ನು ಮಂಗಳೂರಿನ ಮೇ ತಿಂಗಳಿಗೆ ಹಾಗೇ ಒಯ್ಯುವಂತಿಲ್ಲ.

ನಿಮ್ಮ ಕಾಲೇಜಿನಲ್ಲಿ ಇಂಥ ಅಳತೆಯ ಯೋಚನೆಯಿದ್ದರೆ ಎ.ಸಿ. ಲೈನಿನ ಮೀಟರನ್ನು ಫೆಬ್ರವರಿಯೊಳಗೆ ಹಾಕಿಸಿಕೊಳ್ಳಿ. ಮಾರ್ಚಿನಿಂದ ಮೇ ಮೊದಲ ವಾರದವರೆಗೆ ರಜೆ, ಪರೀಕ್ಷೆ, ಬದಲಿಸಿದ ಮೊದಲ ದಿನಗಳನ್ನೆಲ್ಲ ಕಳೆದರೆ, ಎರಡೂ ಬಗೆಗೆ ಆ ಇಪ್ಪತ್ತಿಪ್ಪತ್ತು ದಿನ ಹೊಂದಿಸುವುದೇ ಕಷ್ಟ.