ಶೇಕಡಾ 94 ಹೊಂದಿತು, ಅರ್ಥ ತಿರುಗಿತು

ಫ್ರಾನ್ಸಿನ ಒಂದು ಕಾರ್ಖಾನೆ ನೀರೆತ್ತುವ ಪಂಪು ತಯಾರಿಸುತ್ತದೆ ಎಂದುಕೊಳ್ಳಿ. ಆ ಪಂಪನ್ನು ಐರ್ಲೆಂಡಿನಲ್ಲಿ ಮಾರಬೇಕಾದರೆ ಅದರ ಕೈಪಿಡಿ ಅಲ್ಲಿನ ಅಧಿಕೃತ ಭಾಷೆಯಲ್ಲಿ ಇರಲೇಬೇಕು. ಯುರೋಪಿನ 2006ರ ಯಂತ್ರೋಪಕರಣ ನಿರ್ದೇಶನವೇ ಹಾಗೆ ಹೇಳುತ್ತದೆ. ಹಾಗಾಗಿ ಫ್ರೆಂಚ್ ಕೈಪಿಡಿಯನ್ನು ಒಬ್ಬರು ಅನುವಾದಕರು ಇಂಗ್ಲಿಷಿಗೆ ತರುತ್ತಾರೆ. ಕೆಲವು ವರ್ಷಗಳಲ್ಲಿ ಪಂಪಿನ ಹೊಸ ಮಾದರಿ ಬರುತ್ತದೆ, ಅದರೊಂದಿಗೆ ಹೊಸ ಕೈಪಿಡಿ. ಬಿಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಹಳೆಯ ಕೈಪಿಡಿಯದೇ. ಒಮ್ಮೆ ಅನುವಾದ ಮಾಡಿದ ವಾಕ್ಯವನ್ನು ಮತ್ತೆ ಮೊದಲಿನಿಂದ ಮಾಡುವುದೇಕೆ?

ಈ ಪ್ರಶ್ನೆ ಹೊಸದಲ್ಲ. 1978ರಲ್ಲೇ ಯುರೋಪಿಯನ್ ಸಮುದಾಯದ ಮಂತ್ರಿಮಂಡಳಿಯ ಸಚಿವಾಲಯದಲ್ಲಿದ್ದ ಪೀಟರ್ ಆರ್ಥರ್ನ್ ಇದಕ್ಕೊಂದು ದಾರಿ ಸೂಚಿಸಿದ್ದರು. ಮೂಲವನ್ನೂ ಅನುವಾದವನ್ನೂ ಕಂಪ್ಯೂಟರಿನಲ್ಲಿ ಕೂಡಿಟ್ಟು, ಹೊಸ ಪಠ್ಯ ಬಂದಾಗ ಅದರಲ್ಲಿ ಹಳೆಯ ಭಾಗ ಎಲ್ಲೆಲ್ಲಿದೆ ಎಂದು ಯಂತ್ರವೇ ಹುಡುಕಿಕೊಡಲಿ ಎಂಬುದು ಅವರ ಸಲಹೆ. ಇಂದು ಟ್ರಾನ್ಸ್‌ಲೇಷನ್ ಮೆಮೊರಿ ಎಂದು ಕರೆಯುವುದು ಇದನ್ನೇ. ಟ್ರಾಡೋಸ್, ಮೆಮೊಕ್ಯೂ, ವರ್ಡ್‌ಫಾಸ್ಟ್, ಉಚಿತವಾಗಿ ಸಿಗುವ ಒಮೇಗಾಟಿ, ಎಲ್ಲದರ ಹೊಟ್ಟೆಯಲ್ಲೂ ಇರುವುದು ಒಂದೇ ಉಪಾಯ. ಇವು ತಾವಾಗಿ ಅನುವಾದ ಮಾಡುವುದಿಲ್ಲ. ಮನುಷ್ಯರು ಹಿಂದೆ ಮಾಡಿದ್ದನ್ನು ನೆನಪಿಟ್ಟು, ಹೊತ್ತಿಗೆ ಸರಿಯಾಗಿ ಎದುರಿಗೆ ಇಡುತ್ತವೆ.

ತಂತ್ರಾಂಶ ಮೊದಲು ಕೈಪಿಡಿಯನ್ನು ಸೆಗ್ಮೆಂಟುಗಳಾಗಿ ತುಂಡರಿಸುತ್ತದೆ. ಸೆಗ್ಮೆಂಟ್ ಎಂದರೆ ಸಾಮಾನ್ಯವಾಗಿ ಒಂದು ವಾಕ್ಯ, ಇಲ್ಲವೇ ಒಂದು ಶೀರ್ಷಿಕೆ, ಅಥವಾ ಕೋಷ್ಟಕದ ಒಂದು ಮನೆ. ಎಡಗಡೆ ಫ್ರೆಂಚ್, ಬಲಗಡೆ ಇಂಗ್ಲಿಷಿಗೆ ಖಾಲಿ ಜಾಗ. ಅನುವಾದಕರು ಒಂದೊಂದನ್ನೇ ಮುಗಿಸಿ ಖಚಿತಪಡಿಸಿದಂತೆ ಆ ಜೋಡಿ ಮೆಮೊರಿಗೆ ಸೇರುತ್ತದೆ.

ಕೆಲಸ ಶುರುವಾಗುವ ಮೊದಲೇ ತಂತ್ರಾಂಶ ಒಂದು ಲೆಕ್ಕ ಕೊಡುತ್ತದೆ. ನಮ್ಮ ಪಂಪಿನ ಹೊಸ ಕೈಪಿಡಿಯಲ್ಲಿ 12,000 ಪದಗಳಿವೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 4,100 ಪದಗಳ ವಾಕ್ಯಗಳು ಮೆಮೊರಿಯಲ್ಲಿ ಇದ್ದ ಹಾಗೇ ಇವೆ. ಇನ್ನೊಂದು 2,400 ಪದಗಳು ಇದೇ ಕೈಪಿಡಿಯೊಳಗೆ ಮತ್ತೆ ಮತ್ತೆ ಬರುವ ವಾಕ್ಯಗಳವು; ಮೊದಲ ಸಲ ಮಾಡಿದರೆ ಉಳಿದವು ತಾವಾಗಿ ತುಂಬಿಕೊಳ್ಳುತ್ತವೆ. 2,700 ಪದಗಳು ಹಳೆಯ ವಾಕ್ಯಗಳಿಗೆ ಹತ್ತಿರವಿದ್ದೂ ಅವೇ ಅಲ್ಲ. ಇವುಗಳಿಗೆ ಫಜಿ ಮ್ಯಾಚ್ ಎನ್ನುತ್ತಾರೆ. ನಿಜವಾಗಿ ಹೊಸದಾಗಿ ಉಳಿಯುವುದು 2,800 ಪದ ಮಾತ್ರ. ಅನುವಾದಕರ ಸಂಭಾವನೆಯೂ ಈ ಲೆಕ್ಕದ ಮೇಲೆಯೇ ನಿಂತಿರುತ್ತದೆ. ಹೊಸ ಪದಕ್ಕೆ ಪೂರ್ತಿ ದರ, ಹೋಲುವ ವಾಕ್ಯಕ್ಕೆ ಅರ್ಧವೋ ಮುಕ್ಕಾಲೋ, ಪೂರ್ತಿ ಹೊಂದಿದ್ದಕ್ಕೆ ಇನ್ನೂ ಕಡಿಮೆ, ಕೆಲವು ಒಪ್ಪಂದಗಳಲ್ಲಿ ಏನೂ ಇಲ್ಲ. ದುಡ್ಡು ಕಡಿಮೆಯಾದಲ್ಲಿ ಗಮನವೂ ಕಡಿಮೆಯಾಗುತ್ತದೆ. ಅಪಾಯ ಅಡಗಿರುವುದೂ ಅಲ್ಲೇ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಮೊದಲನೆಯದು ಹಳೆಯ ಕೈಪಿಡಿಯಿಂದ ಮೆಮೊರಿಗೆ ಸೇರಿದ ವಾಕ್ಯ ಮತ್ತು ಅದರ ಅನುವಾದ, ಕೊನೆಯದು ಹೊಸ ಕೈಪಿಡಿಯ ವಾಕ್ಯ:

```
Serrer les quatre vis du couvercle de la pompe.
Tighten the four pump cover screws.

Desserrer les quatre vis du couvercle de la pompe.
```

ಮೊದಲನೆಯದು ಪಂಪಿನ ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಬಿಗಿ ಮಾಡಿ ಎನ್ನುತ್ತದೆ, ಹೊಸದು ಸಡಿಲಿಸಿ ಎನ್ನುತ್ತದೆ. ಒಂದು ಮುಚ್ಚಳ ಹಾಕುವಾಗಿನ ಮಾತು, ಇನ್ನೊಂದು ತೆಗೆಯುವಾಗಿನದು. ತಂತ್ರಾಂಶಕ್ಕೆ ಮಾತ್ರ ಇವು ಅವಳಿಗಳಂತೆ ಕಾಣುತ್ತವೆ. ಹೆಚ್ಚಿನ ತಂತ್ರಾಂಶಗಳು ಹೋಲಿಕೆಯನ್ನು ಅಳೆಯುವುದು ಒಂದು ಸಾಲನ್ನು ಇನ್ನೊಂದಾಗಿ ಮಾಡಲು ಎಷ್ಟು ತಿದ್ದಬೇಕು ಎಂಬುದರ ಮೇಲೆ. ಹೊಸ ವಾಕ್ಯದಲ್ಲಿ ಖಾಲಿ ಜಾಗ, ಪೂರ್ಣವಿರಾಮ ಎಲ್ಲ ಸೇರಿ 50 ಅಕ್ಷರಸ್ಥಾನಗಳಿವೆ. ಅದರಲ್ಲಿ ಹೆಚ್ಚಿಗೆ ಸೇರಿರುವುದು ಆರಂಭದ ಮೂರು ಅಕ್ಷರ ಮಾತ್ರ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಬಿಟ್ಟರೆ 50ರಲ್ಲಿ 3, ಅಂದರೆ ಶೇಕಡಾ 94ರ ಹೋಲಿಕೆ. ಪದ ಎಣಿಸಿದರೂ ಒಂಬತ್ತರಲ್ಲಿ ಎಂಟು ಒಂದೇ, ಶೇಕಡಾ 89. ಒಂದೊಂದು ತಂತ್ರಾಂಶದ ಸೂತ್ರ ಒಂದೊಂದು ಬಗೆ, ಆದರೂ ಯಾವುದರಲ್ಲಾದರೂ ಇದು ಮೇಲಿನ ಸಾಲಿನಲ್ಲೇ ಕೂರುತ್ತದೆ. ಹಳೆಯ ಇಂಗ್ಲಿಷ್ ಸಾಲು ಬಲಗಡೆ ತಾನಾಗಿ ಬಂದು ನಿಲ್ಲುತ್ತದೆ. ಓದಿದರೆ ಚೊಕ್ಕವಾದ ಇಂಗ್ಲಿಷ್, ವ್ಯಾಕರಣದಲ್ಲಿ ಕೊಂಕಿಲ್ಲ. ಕಣ್ಣು ಜಾರಿ ಖಚಿತದ ಕೀಲಿ ಒತ್ತಿಬಿಟ್ಟರೆ, ಮುಚ್ಚಳ ತೆಗೆಯಬೇಕಾದ ಮೆಕ್ಯಾನಿಕ್ಕಿಗೆ ಸ್ಕ್ರೂ ಬಿಗಿ ಮಾಡು ಎಂಬ ಸೂಚನೆ ಹೋಗುತ್ತದೆ.

ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. "ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಸಡಿಲಿಸತಕ್ಕದ್ದು" ಎಂದು ಫ್ರೆಂಚ್ ಲೇಖಕರು ವಾಕ್ಯದ ಕಟ್ಟು ಬದಲಿಸಿ ಬರೆದರೆ ಅರ್ಥ ಅದೇ ಆದರೂ ಹೋಲಿಕೆಯ ಅಂಕ ದಡದಡನೆ ಇಳಿಯುತ್ತದೆ. ಶೇಕಡಾ 70 ಅಥವಾ 75ಕ್ಕಿಂತ ಕೆಳಗಿನದನ್ನು ತೋರಿಸದಂತೆ ಹೆಚ್ಚಿನವರು ತಂತ್ರಾಂಶವನ್ನು ಇಟ್ಟುಕೊಂಡಿರುತ್ತಾರೆ, ಹಾಗಾಗಿ ಆ ಹಳೆಯ ಸಾಲು ಕಣ್ಣಿಗೇ ಬೀಳದೆ ಹೋಗಬಹುದು. ಈ ಅಂಕ ಅಳೆಯುವುದು ಅಕ್ಷರಗಳ ಅಂತರವನ್ನು, ಅರ್ಥದ ಅಂತರವನ್ನಲ್ಲ. ಆದ್ದರಿಂದ ಫಜಿ ಮ್ಯಾಚ್ ಬಂದಾಗ ನುರಿತವರು ಮೊದಲು ಇಂಗ್ಲಿಷ್ ಸಾಲನ್ನು ಓದುವುದಿಲ್ಲ. ಹಳೆಯ ಫ್ರೆಂಚಿಗೂ ಹೊಸ ಫ್ರೆಂಚಿಗೂ ಎಲ್ಲಿ ವ್ಯತ್ಯಾಸ ಎಂದು ತಂತ್ರಾಂಶ ಬಣ್ಣ ಹಚ್ಚಿ ತೋರಿಸುವ ಜಾಗವನ್ನು ನೋಡುತ್ತಾರೆ. ಶೇಕಡಾ 75ರ ಸಾಲನ್ನು ಎಲ್ಲರೂ ಅನುಮಾನದಿಂದಲೇ ನೋಡುವುದರಿಂದ ಅದರಲ್ಲಿ ತಪ್ಪು ಉಳಿಯುವುದು ಕಡಿಮೆ. ನನ್ನ ಮಟ್ಟಿಗೆ ತೊಂಬತ್ತರ ಮೇಲಿನದೇ ಹೆಚ್ಚು ಅಪಾಯದ್ದು.

ಮರುಕಳಿಸುವ ಸೆಗ್ಮೆಂಟಿನ ಕಷ್ಟ ಬೇರೆ ಬಗೆಯದು. ಅಲ್ಲಿ ಫ್ರೆಂಚಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಕೈಪಿಡಿಯ ಕೋಷ್ಟಕವೊಂದರಲ್ಲಿ "ಮಾರ್ಶ್" ಎಂಬ ಒಂದೇ ಪದದ ಮನೆಯಿದೆ. ಪಂಪಿನ ಸ್ವಿಚ್ಚಿನ ಮೇಲೆ ಅದರ ಅರ್ಥ ಆನ್. ಮುಂದೆ ಬಿಡಿಭಾಗಗಳ ಪಟ್ಟಿಯಲ್ಲಿ ಪಂಪಿನ ಪಕ್ಕದ ಕಬ್ಬಿಣದ ಅಟ್ಟಣೆಗೆ ಹತ್ತುವ ಮೆಟ್ಟಿಲಿಗೂ ಫ್ರೆಂಚಿನಲ್ಲಿ ಅದೇ ಪದ. ಸ್ವಿಚ್ಚಿನ ಬಳಿ ಒಮ್ಮೆ ಆನ್ ಎಂದು ಖಚಿತಪಡಿಸಿದರೆ ಮೆಟ್ಟಿಲೂ ಆನ್ ಆಗಿಬಿಡುತ್ತದೆ. ಇದನ್ನು ತಪ್ಪಿಸಲು ತಂತ್ರಾಂಶಗಳಲ್ಲಿ ಸಂದರ್ಭ ನೋಡುವ ವ್ಯವಸ್ಥೆಯಿದೆ. ಹಿಂದಿನ ಮತ್ತು ಮುಂದಿನ ಸೆಗ್ಮೆಂಟುಗಳೂ ಹೊಂದಿದರೆ ಮಾತ್ರ ಅದನ್ನು ಹೆಚ್ಚು ನಂಬಿಕೆಯ ಮ್ಯಾಚ್ ಎಂದು ಗುರುತಿಸುತ್ತವೆ. ಮೆಮೊಕ್ಯೂ ಅದಕ್ಕೆ ಶೇಕಡಾ 101 ಎಂದೇ ಅಂಕ ಕೊಡುತ್ತದೆ. ಒಮೇಗಾಟಿಯಲ್ಲಿ `Create Alternative Translation` ಎಂಬ ಆಯ್ಕೆ ಒತ್ತಿದರೆ ಆ ಒಂದು ಜಾಗಕ್ಕೆ ಮಾತ್ರ ಬೇರೆ ಅನುವಾದ ಕೊಡಬಹುದು, ಉಳಿದವು ಹಾಗೇ ಇರುತ್ತವೆ. ಉದ್ದನೆಯ ವಾಕ್ಯಗಳಲ್ಲಿ ಈ ತೊಡಕು ಕಡಿಮೆ. ಒಂದೆರಡು ಪದದ ಮನೆಗಳು, ಗುಂಡಿಗಳ ಹೆಸರು, ಶೀರ್ಷಿಕೆಗಳಲ್ಲೇ ಹೆಚ್ಚು. ತಾನಾಗಿ ತುಂಬಿಕೊಂಡ ಇಂಥ ಚಿಕ್ಕ ಸೆಗ್ಮೆಂಟುಗಳನ್ನು ಬೇರೆ ಮಾಡಿ, ಮೂಲ ಪಿಡಿಎಫ್ ಪಕ್ಕಕ್ಕಿಟ್ಟುಕೊಂಡು ಒಮ್ಮೆ ನೋಡಿದರೆ ಸಾಕು.

ಎಲ್ಲ ಮುಗಿದ ಮೇಲೆ ನಡೆಸುವುದು ಸುಸಂಗತತೆಯ ತಪಾಸಣೆ. ಇದರ ಒಂದು ದಿಕ್ಕು ಎಲ್ಲರಿಗೂ ಗೊತ್ತು: ಒಂದೇ ಫ್ರೆಂಚ್ ವಾಕ್ಯಕ್ಕೆ ಎರಡು ಬಗೆಯ ಇಂಗ್ಲಿಷ್ ಇದ್ದರೆ ತಂತ್ರಾಂಶ ಎತ್ತಿ ತೋರಿಸುತ್ತದೆ. ಒಬ್ಬರು ವಾಲ್ವ್ ಎಂದು, ಇನ್ನೊಬ್ಬರು ಟ್ಯಾಪ್ ಎಂದು ಬರೆದರೆ ಸಿಕ್ಕಿಬೀಳುವುದು ಇಲ್ಲಿ. ಇನ್ನೊಂದು ದಿಕ್ಕನ್ನು ಹಲವರು ಚಾಲೂ ಮಾಡುವುದೇ ಇಲ್ಲ. ಅದು ಹುಡುಕುವುದು ಬೇರೆ ಬೇರೆ ಫ್ರೆಂಚ್ ವಾಕ್ಯಗಳಿಗೆ ಒಂದೇ ಇಂಗ್ಲಿಷ್ ಇರುವ ಜಾಗಗಳನ್ನು. ಸ್ಕ್ರೂವಿನ ತಪ್ಪು ಸಿಗುವುದು ಈ ಎರಡನೆಯ ಬಲೆಗೆ: ಬಿಗಿ ಮಾಡು, ಸಡಿಲಿಸು ಎರಡಕ್ಕೂ ಅದೇ ಟೈಟನ್ ಸಾಲು ಇದೆ ಎಂದು ವರದಿಯಲ್ಲಿ ಅಕ್ಕಪಕ್ಕ ಕಾಣಿಸುತ್ತದೆ. ಹುಸಿ ಎಚ್ಚರಿಕೆಗಳೂ ಬರುತ್ತವೆ, ಏಕೆಂದರೆ ಫ್ರೆಂಚಿನ ವೆರಿಫಿಯೇ, ಕೊಂತ್ರೋಲೇ ಎರಡಕ್ಕೂ ಇಂಗ್ಲಿಷಿನಲ್ಲಿ ಚೆಕ್ ಎಂದು ಬರೆಯುವುದು ಸರಿಯೇ. ಅವನ್ನು ದಾಟಿಕೊಂಡು ಹೋಗುವ ತಾಳ್ಮೆ ಬೇಕು. ಒಂದು ಮಿತಿಯೂ ಇದೆ. ಇಂಗ್ಲಿಷ್ ಸಾಲಿನಲ್ಲಿ ಬೇರೆಲ್ಲೋ ಒಂದು ಪದ ತಿದ್ದಿದ್ದರೆ ಎರಡೂ ಒಂದೇ ಆಗಿ ಉಳಿಯುವುದಿಲ್ಲ, ತಪ್ಪು ಬಲೆಯಿಂದ ನುಸುಳುತ್ತದೆ.

ಅಂಕಿಗಳ ತಪಾಸಣೆಯಲ್ಲಿ ಫ್ರೆಂಚ್–ಇಂಗ್ಲಿಷ್ ಜೋಡಿಗೇ ಅಂಟಿಕೊಂಡ ಒಂದು ತೊಂದರೆಯಿದೆ. ಫ್ರೆಂಚಿನಲ್ಲಿ ದಶಮಾಂಶಕ್ಕೆ ಹಾಕುವುದು ಅಲ್ಪವಿರಾಮ, ಸಾವಿರ ಬೇರ್ಪಡಿಸಲು ಬಿಡುವುದು ಖಾಲಿ ಜಾಗ. ತೆಳು ವಾಷರಿನ ದಪ್ಪ `1,250 mm` ಎಂದಿದ್ದರೆ ಅದು ಒಂದೂಕಾಲು ಮಿಲಿಮೀಟರ್. ಇಂಗ್ಲಿಷಿಗೆ ಹಾಗೇ ಇಳಿಸಿದರೆ ಓದುಗನಿಗೆ ಅದು ಸಾವಿರದ ಇನ್ನೂರ ಐವತ್ತು ಮಿಲಿಮೀಟರ್, ಒಂದೂಕಾಲು ಮೀಟರ್. ತಪಾಸಣೆಯನ್ನು ಭಾಷೆಗೆ ತಕ್ಕಂತೆ ಹೊಂದಿಸಿರದಿದ್ದರೆ ಅದು ಅಂಕಿಗಳು ಎರಡೂ ಕಡೆ ಒಂದೇ ಇವೆಯೇ ಎಂದಷ್ಟೇ ನೋಡುತ್ತದೆ. ಆಗ ತಪ್ಪಾದ `1,250` ಸದ್ದಿಲ್ಲದೆ ಪಾಸಾಗುತ್ತದೆ, ಸರಿಯಾದ `1.250` ತಪ್ಪೆಂದು ಕೆಂಪಾಗುತ್ತದೆ. ಇಂಥ ಕೆಂಪು ಗುರುತು ನೂರಾರು ಬಂದಾಗ ಬೇಸತ್ತು ಆ ತಪಾಸಣೆಯನ್ನೇ ಆರಿಸಿಬಿಡುವವರಿದ್ದಾರೆ. ಹಾಗೆ ಮಾಡಬಾರದು. ಎರಡೂ ಭಾಷೆಗಳ ದಶಮಾಂಶ ಚಿಹ್ನೆಯನ್ನು ಸೆಟಿಂಗಿನಲ್ಲಿ ಸರಿಯಾಗಿ ಕೊಟ್ಟರೆ ಹುಸಿ ಎಚ್ಚರಿಕೆಗಳು ಬಹುಪಾಲು ಮಾಯವಾಗಿ, ಉಳಿದವು ನೋಡಲೇಬೇಕಾದವಾಗಿರುತ್ತವೆ.

ಯಾವ ತಪಾಸಣೆಗೂ ಸಿಗದ ತಪ್ಪೊಂದಿದೆ, ಮೆಮೊರಿಯಲ್ಲೇ ಕೂತಿರುವ ತಪ್ಪು. ಹಿಂದೆ ಯಾರೋ ಅವಸರದಲ್ಲಿ ಕೊಂತ್ರೋಲೇ ಎಂಬುದನ್ನು ಕಂಟ್ರೋಲ್ ಎಂದು ಬರೆದಿದ್ದಾರೆ ಎನ್ನೋಣ. ಎಣ್ಣೆಯ ಮಟ್ಟ ಪರೀಕ್ಷಿಸಿ ಎನ್ನಬೇಕಾದಲ್ಲಿ ಎಣ್ಣೆಯ ಮಟ್ಟ ನಿಯಂತ್ರಿಸಿ ಎಂದಾಗಿದೆ. ಅದು ಹತ್ತು ಕಡೆ ಹತ್ತೂ ಸಲ ಒಂದೇ ರೀತಿ ಬರುತ್ತದೆ, ಪೂರ್ತಿ ಸುಸಂಗತ. ತಂತ್ರಾಂಶ ನೂರಕ್ಕೆ ನೂರು ಕೊಡುತ್ತದೆ. ನೂರರ ಸಾಲುಗಳಿಗೆ ಏನೂ ಕೊಡದ ಒಪ್ಪಂದ ನನಗೆ ಸರಿ ಕಾಣದಿರುವುದು ಇದಕ್ಕೇ: ಅವನ್ನು ಯಾರಾದರೂ ಒಮ್ಮೆ ಓದಲೇಬೇಕು, ಓದುವುದು ಕೆಲಸವೇ.

ಸಿಕ್ಕ ತಪ್ಪನ್ನು ಎಲ್ಲಿ ತಿದ್ದುತ್ತೇವೆ ಎಂಬುದು ಕೊನೆಯ ಪ್ರಶ್ನೆ. ಎಷ್ಟೋ ಸಲ ಇಂಗ್ಲಿಷ್ ಕೈಪಿಡಿ ಗಿರಾಕಿಯ ಕೈ ಸೇರಿದ ಮೇಲೆ ಅಲ್ಲಿನ ಎಂಜಿನಿಯರು ವರ್ಡ್ ಕಡತದಲ್ಲೇ ನಾಲ್ಕು ತಿದ್ದುಪಡಿ ಮಾಡಿ ಮುದ್ರಣಕ್ಕೆ ಕಳಿಸುತ್ತಾರೆ. ಮುದ್ರಿತ ಪ್ರತಿ ಸರಿಯಾಗುತ್ತದೆ, ಮೆಮೊರಿ ಹಾಗೇ ಉಳಿಯುತ್ತದೆ. ಮುಂದಿನ ಮಾದರಿಯ ಕೈಪಿಡಿ ಬಂದಾಗ ಅದೇ ಎಣ್ಣೆಯ ಸಾಲು ಅದೇ ತಪ್ಪಿನೊಂದಿಗೆ ಮತ್ತೆ ನೂರಕ್ಕೆ ನೂರಾಗಿ ಬರುತ್ತದೆ. ಆದ್ದರಿಂದ ಗಿರಾಕಿಯ ತಿದ್ದುಪಡಿಗಳನ್ನು ಕೇಳಿ ತರಿಸಿಕೊಂಡು, ಅನುವಾದದ ತಂತ್ರಾಂಶದೊಳಗೇ ಅವನ್ನು ಸೇರಿಸಿ, ಮುಖ್ಯ ಮೆಮೊರಿಯನ್ನು ಹೊಸದು ಮಾಡಿ, ಟಿಎಂಎಕ್ಸ್ ಕಡತವಾಗಿ ಇಬ್ಬರೂ ಇಟ್ಟುಕೊಳ್ಳಬೇಕು. ಟಿಎಂಎಕ್ಸ್ ಎಲ್ಲ ತಂತ್ರಾಂಶಗಳೂ ಓದುವ ಸಾಮಾನ್ಯ ರೂಪ. ಮುಂದಿನ ಕೈಪಿಡಿಗೆ ಬೇರೆ ಅನುವಾದಕರು, ಬೇರೆ ತಂತ್ರಾಂಶ ಬಂದರೂ ತಿದ್ದಿದ ಸಾಲೇ ಅವರ ಕಣ್ಣಿಗೆ ಬೀಳುತ್ತದೆ.